ಶುಲ್ಕ-ಮಾತ್ರ ಹಣಕಾಸು ಸಲಹೆಗಾರ ಮತ್ತು ಕಮಿಷನ್ ಏಜೆಂಟ್

ಶುಲ್ಕ-ಮಾತ್ರ ಹಣಕಾಸು ಸಲಹೆಗಾರ ಎಂದರೆ ತನ್ನ ಸಲಹೆಗೆ ಗ್ರಾಹಕನಿಂದ ಮಾತ್ರ ಶುಲ್ಕ ಪಡೆಯುವ, ಯಾವುದೇ ಹೂಡಿಕೆ ಅಥವಾ ವಿಮಾ ಕಂಪನಿಯಿಂದ ಕಮಿಷನ್ ಪಡೆಯದ ವ್ಯಕ್ತಿ ಅಥವಾ ಸಂಸ್ಥೆ. ಕಮಿಷನ್ ಏಜೆಂಟ್ ಅಥವಾ ವಿತರಕನು ಗ್ರಾಹಕನಿಂದ ನೇರವಾಗಿ ಏನನ್ನೂ ಪಡೆಯುವುದಿಲ್ಲ. ಪಾಲಿಸಿ ಅಥವಾ ಮ್ಯೂಚುವಲ್ ಫಂಡ್ ಮಾರಾಟವಾದಾಗ ಕಂಪನಿಯು ಅವನಿಗೆ ಹಣ ನೀಡುತ್ತದೆ. ಆ ಹಣವೂ ಅಂತಿಮವಾಗಿ ಗ್ರಾಹಕನ ಪ್ರೀಮಿಯಂ ಅಥವಾ ಹೂಡಿಕೆಯಿಂದಲೇ ಹೋಗುತ್ತದೆ.

ಕಾನೂನಿನ ಚೌಕಟ್ಟು

ಭಾರತದಲ್ಲಿ ಹೂಡಿಕೆ ಸಲಹೆಗಾರರು ಭಾರತೀಯ ಷೇರು ಮತ್ತು ವಿನಿಮಯ ಮಂಡಳಿಯ (ಸೆಬಿ) 2013ರ ಹೂಡಿಕೆ ಸಲಹೆಗಾರರ ನಿಯಮಾವಳಿಗೆ ಒಳಪಡುತ್ತಾರೆ. ಅವರ ನೋಂದಣಿ ಸಂಖ್ಯೆ INA ಅಕ್ಷರಗಳಿಂದ ಆರಂಭವಾಗುತ್ತದೆ. 2020ರ ತಿದ್ದುಪಡಿಯ ಪ್ರಕಾರ ಒಂದೇ ಗ್ರಾಹಕನಿಗೆ ಸಲಹೆಯನ್ನೂ ವಿತರಣೆಯನ್ನೂ ಒಟ್ಟಿಗೆ ನೀಡುವಂತಿಲ್ಲ. ಮ್ಯೂಚುವಲ್ ಫಂಡ್ ವಿತರಕರಿಗೆ ARN ಸಂಖ್ಯೆ ಇರುತ್ತದೆ. ವಿಮಾ ಏಜೆಂಟರು ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮಗಳಿಗೆ ಒಳಪಡುತ್ತಾರೆ.

2013ರ ಜನವರಿ 1ರಿಂದ ಪ್ರತಿ ಮ್ಯೂಚುವಲ್ ಫಂಡಿಗೂ ಡೈರೆಕ್ಟ್ ಮತ್ತು ರೆಗ್ಯುಲರ್ ಎಂಬ ಎರಡು ಯೋಜನೆಗಳಿವೆ. ಎರಡರ ಹೂಡಿಕೆಯೂ ಒಂದೇ ಆಗಿದ್ದು, ರೆಗ್ಯುಲರ್ ಯೋಜನೆಯ ವೆಚ್ಚದಲ್ಲಿ ವಿತರಕನ ಕಮಿಷನ್ ಸೇರಿರುತ್ತದೆ. 2018ರಲ್ಲಿ ಸೆಬಿ ಮುಂಗಡ ಕಮಿಷನನ್ನು ನಿಲ್ಲಿಸಿತು. ಅಲ್ಲಿಂದ ಹಣ ಹೂಡಿಕೆಯಲ್ಲಿ ಇರುವವರೆಗೆ ವರ್ಷವರ್ಷವೂ ಅಲ್ಪಾಂಶ ಸಲ್ಲುವ ಪದ್ಧತಿ ಬಂದಿತು. ವಿಮೆಯಲ್ಲಿ ಮೊದಲ ವರ್ಷದ ಕಮಿಷನ್ ದೊಡ್ಡದು, ನಂತರದ ವರ್ಷಗಳದ್ದು ಚಿಕ್ಕದು. 2023ಕ್ಕೆ ಮೊದಲಿನ ನಿಯಮದಂತೆ ದೀರ್ಘಾವಧಿಯ ಉಳಿತಾಯ ಪಾಲಿಸಿಯಲ್ಲಿ ಮೊದಲ ವರ್ಷದ ಪ್ರೀಮಿಯಂನ ಶೇ. 35ರವರೆಗೆ ಕಮಿಷನ್ ನೀಡಬಹುದಾಗಿತ್ತು. ಆ ವರ್ಷ ಈ ಮಿತಿಯನ್ನು ತೆಗೆದು, ಕಂಪನಿಯ ಒಟ್ಟು ವೆಚ್ಚದ ಮಿತಿಯೊಳಗೆ ಕಮಿಷನ್ ನಿರ್ಧರಿಸುವ ಅಧಿಕಾರವನ್ನು ಕಂಪನಿಗಳಿಗೇ ನೀಡಲಾಯಿತು.

ಹಿತಾಸಕ್ತಿ ಸಂಘರ್ಷ: ಒಂದು ಉದಾಹರಣೆ

ಕಲಬುರಗಿ ಜಿಲ್ಲೆಯ ಸೇಡಂ ಮತ್ತು ವಾಡಿ ಸಿಮೆಂಟ್ ಕಾರ್ಖಾನೆಗಳ ಊರುಗಳು. ಅಲ್ಲಿನ ಕಾರ್ಮಿಕನೊಬ್ಬ ನಿವೃತ್ತಿಯಲ್ಲಿ 10 ಲಕ್ಷ ರೂಪಾಯಿ ಪಡೆದನೆಂದೂ, ಅವನಿಗೆ ಶೇ. 12ರ ಬಡ್ಡಿಯ 3 ಲಕ್ಷ ರೂಪಾಯಿ ಸಾಲವಿದೆಯೆಂದೂ ಭಾವಿಸಬಹುದು. ಸಾಲ ತೀರಿಸಿದರೆ ವರ್ಷಕ್ಕೆ 36,000 ರೂಪಾಯಿ ಬಡ್ಡಿ ಉಳಿಯುತ್ತದೆ. ಆದರೆ ಏಜೆಂಟನಿಗೆ ಅದರಿಂದ ಏನೂ ಬರುವುದಿಲ್ಲ. ವರ್ಷಕ್ಕೆ 1 ಲಕ್ಷ ಪ್ರೀಮಿಯಂನ ಉಳಿತಾಯ ಪಾಲಿಸಿ ಮಾರಿದರೆ, ಹಳೆಯ ಮಿತಿಯ ಲೆಕ್ಕದಲ್ಲಿ ಮೊದಲ ವರ್ಷವೇ 35,000 ರೂಪಾಯಿವರೆಗೆ ಬರಬಹುದು. ಸಂಬಳ ನಿಂತವನಿಗೆ ಮುಂದಿನ ಕಂತು ಕಟ್ಟುವುದು ಕಷ್ಟವಾಗಿ, ಪಾಲಿಸಿಯನ್ನು ನಡುವೆ ಬಿಟ್ಟರೆ ಕಟ್ಟಿದ ಹಣದ ಒಂದು ಭಾಗ ನಷ್ಟವಾಗುತ್ತದೆ. ಆದುದರಿಂದ ‘ಮೊದಲು ಸಾಲ ತೀರಿಸಿ’ ಎಂಬ ಮಾತು ಬರುತ್ತದೆಯೇ ಎಂಬುದು ಒಳ್ಳೆಯ ಪರೀಕ್ಷೆ.

ಶುಲ್ಕ ಪಡೆಯುವವರಲ್ಲಿಯೂ ಸಂಘರ್ಷ ಇರಬಹುದು. ಸೆಬಿ ನಿಯಮದಂತೆ ಸಲಹೆಗೊಳಪಟ್ಟ ಆಸ್ತಿಯ ಶೇ. 2.5ರವರೆಗೆ ಅಥವಾ ನಿಗದಿತ ಮಿತಿಯೊಳಗೆ ಸ್ಥಿರ ಶುಲ್ಕ ಪಡೆಯಬಹುದು. ಶೇಕಡಾವಾರು ಶುಲ್ಕವಿದ್ದಾಗ ಸಾಲ ತೀರಿಸಿದರೆ ಆಸ್ತಿ ಕಡಿಮೆಯಾಗಿ ಸಲಹೆಗಾರನ ಆದಾಯವೂ ತಗ್ಗುತ್ತದೆ. ಸ್ಥಿರ ಶುಲ್ಕದಲ್ಲಿ ಈ ತೊಡಕಿಲ್ಲ.

ಶುಲ್ಕವೇ ಯಾವಾಗಲೂ ಅಗ್ಗವಲ್ಲ. ಡೈರೆಕ್ಟ್ ಮತ್ತು ರೆಗ್ಯುಲರ್ ಯೋಜನೆಗಳ ವೆಚ್ಚದ ಅಂತರ ಶೇ. 1 ಎಂದುಕೊಂಡರೆ, 7 ಲಕ್ಷ ರೂಪಾಯಿಯ ಮೇಲೆ ವರ್ಷಕ್ಕೆ ಸುಮಾರು 7,000 ರೂಪಾಯಿ ಉಳಿಯುತ್ತದೆ. ವಾರ್ಷಿಕ ಶುಲ್ಕ 15,000 ಆಗಿದ್ದರೆ ಫಂಡಿನ ಉಳಿತಾಯವೊಂದೇ ಅದನ್ನು ತುಂಬುವುದಿಲ್ಲ. ಸಣ್ಣ ಮೊತ್ತ ಹೂಡುವವನಿಗೆ ಪ್ರಾಮಾಣಿಕ ವಿತರಕನೇ ಕಡಿಮೆ ಖರ್ಚಿನವನಾಗಬಹುದು. ಶುಲ್ಕದ ಬೆಲೆ ಮುಖ್ಯವಾಗಿ ತಪ್ಪು ಪಾಲಿಸಿ ತಪ್ಪಿಸುವುದರಲ್ಲಿದೆ.

ಕೇಳಬೇಕಾದ ಪ್ರಶ್ನೆಗಳು

• ನಿಮ್ಮ ನೋಂದಣಿ ಸಂಖ್ಯೆ ಏನು? INA ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ಪರಿಶೀಲಿಸಬಹುದು.
• ನಾನು ಇದನ್ನು ಕೊಂಡರೆ ನಿಮಗೆ ಮೊದಲ ವರ್ಷ ಎಷ್ಟು, ನಂತರ ಎಷ್ಟು ರೂಪಾಯಿ ಬರುತ್ತದೆ?
• ನಾನು ಏನನ್ನೂ ಕೊಳ್ಳದೆ ಸಾಲ ತೀರಿಸಿದರೆ ನಿಮ್ಮ ಆದಾಯ ಏನಾಗುತ್ತದೆ?
• ಎರಡನೆಯ ವರ್ಷ ನಿಲ್ಲಿಸಿದರೆ ನನಗೆ ಎಷ್ಟು ಹಣ ಮರಳುತ್ತದೆ? ಇದನ್ನು ಲಿಖಿತವಾಗಿ ಕೊಡುವಿರಾ?

ಎಚ್ಚರಿಕೆಯ ಲಕ್ಷಣಗಳು

ನೋಂದಾಯಿತ ಸಲಹೆಗಾರನು ಲಿಖಿತ ಒಪ್ಪಂದ ಮಾಡಿಕೊಳ್ಳಬೇಕು ಮತ್ತು ಶುಲ್ಕವನ್ನು ನಗದಾಗಿ ಪಡೆಯುವಂತಿಲ್ಲ. ಹೂಡಿಕೆಯ ಹಣವನ್ನು ತನ್ನ ಖಾತೆಗೆ ಹಾಕಲು ಹೇಳುವವನನ್ನು ನಂಬಬಾರದು. ಕಮಿಷನಿನಲ್ಲಿ ಪಾಲು ಕೊಡುತ್ತೇನೆ ಎಂಬ ಆಮಿಷವನ್ನು 1938ರ ವಿಮಾ ಕಾಯ್ದೆಯ 41ನೇ ಕಲಂ ನಿಷೇಧಿಸುತ್ತದೆ. ಖಾತೆ ವಿವರದಲ್ಲಿ ‘ರೆಗ್ಯುಲರ್’ ಎಂದೂ ARN ಸಂಖ್ಯೆಯೂ ಇದ್ದರೆ ಯಾರೋ ಒಬ್ಬರಿಗೆ ಕಮಿಷನ್ ಹೋಗುತ್ತಿದೆ ಎಂದರ್ಥ.

ಪರಿಹಾರ

ಜೀವವಿಮಾ ಪಾಲಿಸಿಯ ದಾಖಲೆ ಕೈಸೇರಿದ 30 ದಿನಗಳೊಳಗೆ ಅದನ್ನು ಮರಳಿಸಬಹುದು. ಸಣ್ಣ ಕಡಿತಗಳ ಬಳಿಕ ಪ್ರೀಮಿಯಂ ವಾಪಸಾಗುತ್ತದೆ. ಸಲಹೆಗಾರ ಅಥವಾ ಫಂಡಿನ ವಿರುದ್ಧ ಸೆಬಿಯ ಸ್ಕೋರ್ಸ್ ತಾಣದಲ್ಲಿ, ವಿಮೆಯ ಬಗ್ಗೆ ಮೊದಲು ಕಂಪನಿಗೂ ನಂತರ ಬಿಮಾ ಭರೋಸಾ ತಾಣದಲ್ಲೂ ದೂರು ನೀಡಬಹುದು.