ಪೆನಿಸಿಲಿನ್ ಕೊಟ್ಟ ಸುಳಿವು

1943ರ ಹೊತ್ತಿಗೆ ಪೆನಿಸಿಲಿನ್ ಗಾಯಾಳು ಸೈನಿಕರ ಪ್ರಾಣ ಉಳಿಸುತ್ತಿತ್ತು. ಆದರೆ ಅದರ ಅಣುರಚನೆ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ. ರಚನೆ ಗೊತ್ತಿಲ್ಲದ ಔಷಧವನ್ನು ಪ್ರಯೋಗಾಲಯದಲ್ಲಿ ಕಟ್ಟುವುದಾದರೂ ಹೇಗೆ? ಆಕ್ಸ್‌ಫರ್ಡಿನ ಏಬ್ರಹಾಂ ಮತ್ತು ಚೈನ್, ಅಣುವಿನಲ್ಲಿ ನಾಲ್ಕು ಪರಮಾಣುಗಳ ಬೀಟಾ-ಲ್ಯಾಕ್ಟಮ್ ಉಂಗುರವಿದೆ ಎಂದರು. ಅಲ್ಲಿಯವರೇ ಆದ ರಾಬಿನ್‌ಸನ್, ಐದು ಪರಮಾಣುಗಳ ಆಕ್ಸಜೋಲೋನ್ ಉಂಗುರವೆಂದು ವಾದಿಸಿದರು.

ವಿಜ್ಞಾನಿಗಳು ಅವಕೆಂಪು ರೋಹಿತದ ಮೊರೆಹೊಕ್ಕರು. ಅಣುವಿನ ಬಂಧಗಳು ಸ್ಪ್ರಿಂಗಿನಂತೆ ಕಂಪಿಸುತ್ತವೆ. ತಮ್ಮ ಕಂಪನಕ್ಕೆ ಹೊಂದುವ ಅವಕೆಂಪು ಕಿರಣವನ್ನು ಹೀರುತ್ತವೆ. ಬಂಧ ಬಿಗಿಯಾದಷ್ಟೂ ಒಂದು ಸೆಂಟಿಮೀಟರಿನಲ್ಲಿ ಅಡಕವಾಗುವ ಅಲೆಗಳ ಸಂಖ್ಯೆ ಹೆಚ್ಚು.

ನೀವೇ ಪೆನಿಸಿಲಿನ್ ಲವಣದ ರೋಹಿತ ಓದಿನೋಡಿ. 1600ರ ಬಳಿಯ ಪಟ್ಟಿ ಕಾರ್ಬಾಕ್ಸಿಲೇಟಿನದು. 1670ರ ಬಳಿಯದು ಸಾಮಾನ್ಯ ಅಮೈಡಿನದು. ಹಾಗಾದರೆ 1770ರ ಸುಮಾರಿಗೆ ಇರುವುದು ಯಾವುದು? ಅದು ಕಾರ್ಬೊನಿಲ್ ಗುಂಪಿನದೇ, ಆದರೆ ಸಾಮಾನ್ಯ ಅಮೈಡಿಗಿಂತ ನೂರರಷ್ಟು ಮೇಲಿದೆ. ಆಕ್ಸಜೋಲೋನ್‌ಗಳ ಕಾರ್ಬೊನಿಲ್ 1800ನ್ನೂ ದಾಟುತ್ತದೆ. ಬಿಡಿಯಾದ ಬೀಟಾ-ಲ್ಯಾಕ್ಟಮ್ 1750ರ ಸುತ್ತ ಇರುತ್ತದೆ. ಇನ್ನೊಂದು ಉಂಗುರಕ್ಕೆ ಬೆಸೆದರೆ ಬಿಗಿತ ಹೆಚ್ಚಿ 1770ರತ್ತ ಏರುತ್ತದೆ.

ಹಾಗೆಂದು ಒಂದೇ ಪಟ್ಟಿಯನ್ನು ನಂಬಿ ತೀರ್ಪು ಕೊಡಬೇಡಿ. ಐದು ಪರಮಾಣುಗಳ ಲ್ಯಾಕ್ಟೋನ್ ಉಂಗುರವೂ 1770ರ ಬಳಿಯೇ ಕಿರಣವನ್ನು ಹೀರುತ್ತದೆ. ಗುಂಪು ಯಾವುದಿರಬಹುದೆಂದು ರೋಹಿತ ಹೇಳುತ್ತದೆ. ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆ ಎಂಬುದನ್ನು ಹೇಳದು. ಅದನ್ನು ತೋರಿಸಿಕೊಟ್ಟದ್ದು 1945ರಲ್ಲಿ ಡೊರೊಥಿ ಹಾಡ್ಜ್‌ಕಿನ್ ತಂಡದ ಕ್ಷ-ಕಿರಣ ಅಧ್ಯಯನ. ಗೆದ್ದದ್ದು ನಾಲ್ಕರ ಉಂಗುರವೇ.