ಎಕ್ಸೆಲ್‌ನಲ್ಲಿ ಉತ್ತರದ ಬದಲು ಹ್ಯಾಶ್ ಸಾಲು: ಸ್ಕ್ರೀನ್‌ಶಾಟ್ ಓದುವುದು ಹೇಗೆ?

ಹಾಜರಿ ಪಟ್ಟಿಯೋ ಸಂಬಳದ ಲೆಕ್ಕವೋ ಇರುವ ಎಕ್ಸೆಲ್ ಹಾಳೆಯ ಸ್ಕ್ರೀನ್‌ಶಾಟ್ ಒಂದು ಕೈಸೇರುತ್ತದೆ. ಎಲ್ಲ ಸೆಲ್‌ಗಳಲ್ಲಿ ಅಂಕಿಗಳಿವೆ; ಒಂದರಲ್ಲಿ ಮಾತ್ರ ######## ಎಂಬ ಸಾಲು. ಇದನ್ನು ಕಂಡ ಬಹುತೇಕರು ಸೂತ್ರ ತಪ್ಪಾಗಿದೆ ಎಂದೋ, ಕಾಲಂ ಕಿರಿದಾಗಿದೆ ಎಂದೋ ಭಾವಿಸಿ ಮುಂದೆ ಸಾಗುತ್ತಾರೆ. ಆದರೆ ಸಮಯದ ಲೆಕ್ಕವಿರುವ ಹಾಳೆಗಳಲ್ಲಿ ಈ ಗುರುತಿಗೆ ಮೂರನೆಯ ಅರ್ಥವೊಂದಿದೆ. ಅದನ್ನು ಗಮನಿಸದಿದ್ದರೆ ಒಬ್ಬರ ದುಡಿಮೆಯ ಒಂದು ಇಡೀ ದಿನ ಲೆಕ್ಕದಿಂದ ಮಾಯವಾಗಬಹುದು.

ಮೊದಲಿಗೆ ಹ್ಯಾಶ್ ಗುರುತಿನ ಎರಡು ಬಗೆಗಳನ್ನು ಬೇರ್ಪಡಿಸಿಕೊಳ್ಳಬೇಕು. ಹ್ಯಾಶ್‌ನ ನಂತರ ಅಕ್ಷರಗಳಿದ್ದರೆ, ಅಂದರೆ #VALUE!, #REF!, #NAME?, #DIV/0! ಇತ್ಯಾದಿಯಾಗಿದ್ದರೆ, ಅದು ನಿಜವಾದ ದೋಷ. ಅಲ್ಲಿ ಉತ್ತರವೇ ಹುಟ್ಟಿರುವುದಿಲ್ಲ. ಸೆಲ್‌ನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಬರಿಯ ಹ್ಯಾಶ್‌ಗಳೇ ತುಂಬಿದ್ದರೆ ಮಾತು ಬೇರೆ. ಅಲ್ಲಿ ಉತ್ತರ ಸಿದ್ಧವಾಗಿದೆ. ಅದನ್ನು ತೋರಿಸಲು ಮಾತ್ರ ಎಕ್ಸೆಲ್‌ಗೆ ಸಾಧ್ಯವಾಗುತ್ತಿಲ್ಲ.

ತೋರಿಸಲಾಗದಿರುವುದಕ್ಕೆ ಸಾಮಾನ್ಯ ಕಾರಣ ಕಾಲಂನ ಅಗಲ ಸಾಲದಿರುವುದು. 1,25,000 ಎಂಬ ಮೊತ್ತದ ಕೊನೆಯ ಅಂಕಿಗಳನ್ನು ಕತ್ತರಿಸಿ 1,25 ಎಂದು ತೋರಿಸಿದರೆ ಓದುವವರು ಮೋಸಹೋಗುತ್ತಾರೆ. ಅದಕ್ಕಾಗಿಯೇ ಎಕ್ಸೆಲ್ ಅರ್ಧ ಅಂಕಿಯ ಬದಲು ಹ್ಯಾಶ್‌ಗಳನ್ನು ತೋರಿಸುತ್ತದೆ. ಕಾಲಂ ತಲೆಯಲ್ಲಿರುವ ಅಕ್ಷರದ ಬಲ ಅಂಚಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿದರೆ ಅಗಲ ತಾನಾಗಿ ಹೊಂದಿಕೊಂಡು ಅಂಕಿ ಕಾಣುತ್ತದೆ.

ಇನ್ನೊಂದು ಕಾರಣ, ಉತ್ತರವು ಸೊನ್ನೆಗಿಂತ ಕಡಿಮೆಯಾದ ಸಮಯ ಅಥವಾ ದಿನಾಂಕವಾಗಿರುವುದು. ಆಗ ಕಾಲಂ ಅನ್ನು ಎಷ್ಟು ಹಿಗ್ಗಿಸಿದರೂ ಹ್ಯಾಶ್‌ಗಳ ಸಂಖ್ಯೆ ಹೆಚ್ಚುತ್ತದೆಯೇ ಹೊರತು ಉತ್ತರ ಕಾಣದು.

ಒಂದು ಉದಾಹರಣೆಯನ್ನು ನೋಡೋಣ. ಕಾವಲುಗಾರರೊಬ್ಬರ ಆರು ದಿನಗಳ ಹಾಜರಿ 2ರಿಂದ 7ನೇ ಸಾಲಿನವರೆಗೆ ಇದೆ ಎಂದಿಟ್ಟುಕೊಳ್ಳಿ. B ಕಾಲಂನಲ್ಲಿ ಬಂದ ಸಮಯ, C ಕಾಲಂನಲ್ಲಿ ಹೋದ ಸಮಯ, D ಕಾಲಂನಲ್ಲಿ ದುಡಿದ ಅವಧಿ. ಐದು ದಿನ ಬೆಳಗ್ಗೆ 9ರಿಂದ ಸಂಜೆ 5ರವರೆಗಿನ ಪಾಳಿ; D ಕಾಲಂನಲ್ಲಿ 08:00 ಎಂದಿದೆ. 5ನೇ ಸಾಲಿನಲ್ಲಿ ಮಾತ್ರ ರಾತ್ರಿ ಪಾಳಿ: ಬಂದದ್ದು 22:00, ಹೋದದ್ದು ಮರುದಿನ 06:00. ಆ ಸಾಲಿನ D5ನಲ್ಲಿ ಹ್ಯಾಶ್‌ಗಳಿವೆ. ಕೆಳಗಿನ D8ನಲ್ಲಿ ಒಟ್ಟು 24:00 ಎಂದಿದೆ.

ಚಿತ್ರದಿಂದಲೇ ಎರಡು ಸುಳಿವುಗಳು ದೊರೆಯುತ್ತವೆ. ಅದೇ ಕಾಲಂನ ಉಳಿದ ಸಾಲುಗಳಲ್ಲಿ 08:00 ಎಂಬುದು ಧಾರಾಳವಾಗಿ ಹಿಡಿದಿರುವುದರಿಂದ ಅಗಲದ ಕೊರತೆ ಇಲ್ಲ. ಒಟ್ಟು ಮೊತ್ತವೂ ಬಂದಿದೆ; D5ನಲ್ಲಿ #VALUE!ನಂತಹ ದೋಷವಿದ್ದಿದ್ದರೆ ಅದನ್ನು ಕೂಡಿಸುವ D8ನಲ್ಲಿಯೂ ಅದೇ ದೋಷ ಕಾಣಬೇಕಿತ್ತು. ಅಂದರೆ ಹ್ಯಾಶ್‌ಗಳ ಹಿಂದೆ ಒಂದು ಸಂಖ್ಯೆ ಅಡಗಿದೆ, ಮತ್ತು ಅದು ಮೊತ್ತದಲ್ಲಿ ಸೇರಿಕೊಂಡಿದೆ.

ಆ ಸಂಖ್ಯೆ ಯಾವುದು? ಎಕ್ಸೆಲ್‌ಗೆ ಒಂದು ದಿನವೆಂದರೆ 1; ಗಂಟೆಗಳು ಅದರ ಭಾಗಗಳು. 06:00 ಎಂದರೆ 0.25, 22:00 ಎಂದರೆ ಸುಮಾರು 0.9167. D5ನಲ್ಲಿರುವ ಸೂತ್ರ ಹೀಗಿದೆ:

```
=C5-B5
```

ಸೂತ್ರಕ್ಕೆ ಮರುದಿನದ ಅರಿವಿಲ್ಲ. ಅದು 0.25ರಿಂದ 0.9167 ಅನ್ನು ಕಳೆದು ಸುಮಾರು −0.6667 ಎಂಬ ಉತ್ತರ ಪಡೆಯುತ್ತದೆ. ಅಂದರೆ ಋಣ 16 ಗಂಟೆ. ವಿಂಡೋಸ್‌ನ ಎಕ್ಸೆಲ್ ಸಾಮಾನ್ಯವಾಗಿ ದಿನಗಳನ್ನು 1900ರ ಜನವರಿ 1ರಿಂದ ಎಣಿಸುವುದರಿಂದ ಸೊನ್ನೆಗಿಂತ ಹಿಂದಿನ ಸಮಯವನ್ನು ಬರೆದು ತೋರಿಸುವ ಬಗೆ ಅದಕ್ಕಿಲ್ಲ. ಮೂಲ ಕಡತ ಕೈಯಲ್ಲಿದ್ದರೆ ಪರೀಕ್ಷೆ ಸುಲಭ: D5ನ ಸ್ವರೂಪವನ್ನು General ಎಂದು ಬದಲಿಸಿದೊಡನೆ ಅಡಗಿದ್ದ ಋಣ ಸಂಖ್ಯೆ ಹೊರಬರುತ್ತದೆ.

ಹಾನಿ ಇರುವುದು ಹ್ಯಾಶ್ ಕಂಡ ಸೆಲ್‌ನಲ್ಲಲ್ಲ, ನೆಟ್ಟಗೆ ಕಾಣುವ ಮೊತ್ತದಲ್ಲಿ. ಐದು ದಿನಗಳ 40 ಗಂಟೆಗೆ ರಾತ್ರಿ ಪಾಳಿಯ 8 ಸೇರಿ 48 ಆಗಬೇಕಿತ್ತು. ಬದಲಿಗೆ 40ರಿಂದ 16 ಕಳೆದು 24 ಆಗಿದೆ. ಗಂಟೆಗೆ 100 ರೂಪಾಯಿಯಂತೆ ಕೂಲಿ ಲೆಕ್ಕ ಹಾಕಿದರೆ 4,800 ರೂಪಾಯಿ ಬರಬೇಕಾದವರಿಗೆ 2,400 ರೂಪಾಯಿ. ಹೀಗೆ ಹ್ಯಾಶ್ ಬಿದ್ದ ಪ್ರತಿಯೊಂದು ರಾತ್ರಿ ಪಾಳಿಗೂ ಮೊತ್ತದಲ್ಲಿ ಸರಿಯಾಗಿ 24 ಗಂಟೆ ಕಡಿಮೆಯಾಗುತ್ತದೆ.

ದೋಷಗಳನ್ನು ಹಿಡಿಯಲೆಂದು ಕೆಲವರು IFERROR ಬಳಸುತ್ತಾರೆ. ಇಲ್ಲಿ ಅದು ಪ್ರಯೋಜನಕ್ಕೆ ಬಾರದು. ಎಕ್ಸೆಲ್‌ನ ದೃಷ್ಟಿಯಲ್ಲಿ ಇದು ದೋಷವೇ ಅಲ್ಲ. ಆಯ್ಕೆಗಳಲ್ಲಿ 1904ರ ದಿನಾಂಕ ಪದ್ಧತಿಗೆ ಬದಲಾಯಿಸಿದರೆ ಹ್ಯಾಶ್ ಹೋಗಿ -16:00 ಎಂದು ಕಾಣುವುದು ನಿಜ. ಆದರೆ ಮೊತ್ತ ತಪ್ಪಾಗಿಯೇ ಉಳಿಯುತ್ತದೆ. ಮೇಲಾಗಿ, ಆ ಕಡತದಲ್ಲಿ ಮೊದಲೇ ಬರೆದಿದ್ದ ದಿನಾಂಕಗಳೆಲ್ಲ ನಾಲ್ಕು ವರ್ಷ ಒಂದು ದಿನ ಮುಂದಕ್ಕೆ ಸರಿಯುತ್ತವೆ.

ಸರಿಯಾದ ಪರಿಹಾರ ಸೂತ್ರದಲ್ಲಿದೆ:

```
=MOD(C5-B5,1)
```

ವ್ಯತ್ಯಾಸ ಋಣವಾಗಿದ್ದರೆ ಇದು ಒಂದು ದಿನವನ್ನು ಸೇರಿಸುತ್ತದೆ. ಋಣ 16 ಗಂಟೆ 8 ಗಂಟೆಯಾಗುತ್ತದೆ. ಹಗಲು ಪಾಳಿಗಳ ಉತ್ತರ ಬದಲಾಗದ ಕಾರಣ ಇದನ್ನೇ ಇಡೀ ಕಾಲಂಗೆ ಬಳಸಬಹುದು. ಒಟ್ಟು ಗಂಟೆಗಳ ಸೆಲ್‌ಗೆ [h]:mm ಎಂಬ ಸ್ವರೂಪವಿರಬೇಕು. ಚೌಕ ಕಂಸವಿಲ್ಲದೆ h:mm ಎಂದಿದ್ದರೆ 24 ಗಂಟೆ ತುಂಬಿದಾಗಲೆಲ್ಲ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭವಾಗಿ, 48 ಗಂಟೆಯೂ 0:00 ಎಂದೇ ಕಾಣುತ್ತದೆ.

ಆದರೆ ಈ ಸೂತ್ರವನ್ನು ಹಾಕುವ ಮುನ್ನ B5 ಮತ್ತು C5ನಲ್ಲಿರುವ ಸಮಯಗಳನ್ನು ಹಾಜರಿ ಪುಸ್ತಕದೊಂದಿಗೆ ತಾಳೆ ನೋಡಲೇಬೇಕು. ಸಂಜೆ 5 ಗಂಟೆಯನ್ನು 17:00 ಎಂದು ಬರೆಯದೆ ಬರಿದೇ 5:00 ಎಂದು ಬರೆದರೆ ಎಕ್ಸೆಲ್ ಅದನ್ನು ಬೆಳಗಿನ ಜಾವ ಎಂದೇ ತಿಳಿಯುತ್ತದೆ. ಬೆಳಗ್ಗೆ 9ಕ್ಕೆ ಬಂದವರ ಲೆಕ್ಕದಲ್ಲಿ ಆಗಲೂ ಹ್ಯಾಶ್ ಬರುತ್ತದೆ. ಅಲ್ಲಿ MOD ಹಾಕಿದರೆ ಹ್ಯಾಶ್ ಮರೆಯಾಗಿ 20 ಗಂಟೆ ದುಡಿದಂತೆ ತೋರುತ್ತದೆ. ತಪ್ಪು ಉಳಿಯುತ್ತದೆ, ಅದನ್ನು ತೋರಿಸುತ್ತಿದ್ದ ಗುರುತು ಮಾತ್ರ ಅಳಿಯುತ್ತದೆ. ಪಾಳಿ 24 ಗಂಟೆ ಅಥವಾ ಅದಕ್ಕಿಂತ ಹೆಚ್ಚಿದ್ದರೂ ಈ ಸೂತ್ರ ಸಲ್ಲದು. ಅಂತಹ ಕಡೆ ಸಮಯದ ಜೊತೆಗೆ ದಿನಾಂಕವನ್ನೂ ಅದೇ ಸೆಲ್‌ನಲ್ಲಿ ಬರೆದು ಕಳೆಯುವುದೇ ದಾರಿ.

ಸ್ಕ್ರೀನ್‌ಶಾಟ್ ಕಳುಹಿಸುವವರು ಹ್ಯಾಶ್ ಇರುವ ಸೆಲ್‌ನ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲಿನ ಸೂತ್ರಪಟ್ಟಿ, ಕಾಲಂ ಅಕ್ಷರ ಹಾಗೂ ಸಾಲಿನ ಸಂಖ್ಯೆ ಸೇರುವಂತೆ ಚಿತ್ರ ತೆಗೆಯಬೇಕು. ಸೂತ್ರಪಟ್ಟಿಯಲ್ಲಿ ಎರಡು ಸಮಯಗಳ ಕಳೆಯುವಿಕೆ ಕಂಡರೆ, ಮೊದಲು ಪರಿಶೀಲಿಸಬೇಕಾದದ್ದು ಕೆಳಗಿನ ಮೊತ್ತವನ್ನು.