ಕರಾರಿನ ಕಾನೂನು: ಆರಿಸುವವರು ಯಾರು, ತಡೆಯುವವರು ಯಾರು?

ಅಂತಾರಾಷ್ಟ್ರೀಯ ಕರಾರುಗಳ ಕೊನೆಯ ಪುಟದಲ್ಲಿ ‘ಈ ಒಪ್ಪಂದಕ್ಕೆ ಇಂಗ್ಲೆಂಡಿನ ಕಾನೂನು ಅನ್ವಯಿಸುತ್ತದೆ’ ಎಂಬ ಸಾಲು ಇರುತ್ತದೆ. ಬೆಂಗಳೂರಿನ ಎಳೆಯ ವಕೀಲರಿಗೆ ಇದು ಹಳೆಯ ಕಡತದಿಂದ ನಕಲು ಮಾಡಿ ಅಂಟಿಸುವ ಸಾಲು. ಇಬ್ಬರೂ ಸಹಿ ಹಾಕಿದ ಮೇಲೆ ನ್ಯಾಯಾಲಯಕ್ಕೆ ಅದರಲ್ಲೇನು ಕೆಲಸ ಎಂಬುದು ಈಗಿನ ಧೋರಣೆ. ಆದರೆ ಪಕ್ಷಕಾರರಿಗೆ ಈ ಆಯ್ಕೆಯನ್ನು ಕೊಟ್ಟ ತೀರ್ಪುಗಳೇ ಅದಕ್ಕೆ ಬೇಲಿಯನ್ನೂ ಹಾಕಿವೆ.

ಹದಿನಾರನೆಯ ಶತಮಾನದ ಫ್ರೆಂಚ್ ಪಂಡಿತ ಡುಮುಲಾನ್‌ನಿಂದ ಕಥೆ ಶುರುಮಾಡುವುದು ವಾಡಿಕೆ. 1760ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಕೂಡ ಪಕ್ಷಕಾರರ ಮನಸ್ಸಿನಲ್ಲಿ ಯಾವ ಕಾನೂನು ಇತ್ತೆಂದು ನೋಡಬೇಕೆಂದಿದ್ದರು. ನಮಗೆ ಬೇಕಾದ ನಿಜವಾದ ಆರಂಭ 1939ರ ವೀಟಾ ಫುಡ್ ಪ್ರಕರಣ. ನ್ಯೂಫೌಂಡ್‌ಲ್ಯಾಂಡಿನಿಂದ ನ್ಯೂಯಾರ್ಕಿಗೆ ಹೆರಿಂಗ್ ಮೀನು ಹೊತ್ತ ಹಡಗು ದಾರಿಯಲ್ಲಿ ನೋವಾ ಸ್ಕೋಷಿಯಾ ತೀರದಲ್ಲಿ ನೆಲ ಹತ್ತಿತು. ಸಾಗಣೆ ಪತ್ರದಲ್ಲಿ ಇಂಗ್ಲೆಂಡಿನ ಕಾನೂನು ಎಂದು ಬರೆದಿತ್ತು. ಸರಕಿಗೂ ಪಯಣಕ್ಕೂ ಇಂಗ್ಲೆಂಡಿಗೂ ಸಂಬಂಧವಿರಲಿಲ್ಲ. ಆ ಆಯ್ಕೆಯನ್ನು ಪ್ರಿವಿ ಕೌನ್ಸಿಲ್ ಎತ್ತಿಹಿಡಿಯಿತು, ಹಡಗಿನವರು ಗೆದ್ದರು. ಆದರೆ ಲಾರ್ಡ್ ರೈಟ್ ಷರತ್ತುಗಳನ್ನೂ ಹಾಕಿದರು: ಆಯ್ಕೆ ಪ್ರಾಮಾಣಿಕವಾಗಿರಬೇಕು, ಕಾನೂನುಬದ್ಧವಾಗಿರಬೇಕು, ಸಾರ್ವಜನಿಕ ನೀತಿಗೆ ಅಡ್ಡಬರಬಾರದು. ಪ್ರಾಮಾಣಿಕತೆಯನ್ನು ಅಳೆಯುವುದು ಹೇಗೆಂದು ಮಾತ್ರ ಅವರು ಹೇಳಲಿಲ್ಲ.

ಬೇಲಿ ಎಷ್ಟು ಗಟ್ಟಿ ಎಂದು ತೋರಿಸಿದ್ದು ಸೆಣಬಿನ ಚೀಲದ ವ್ಯಾಜ್ಯ. ದಕ್ಷಿಣ ಆಫ್ರಿಕಾಕ್ಕೆ ಸರಕು ರಫ್ತು ಮಾಡುವುದನ್ನು ಭಾರತ 1946ರಲ್ಲೇ ನಿಷೇಧಿಸಿತ್ತು. 1948ರಲ್ಲಿ ಸೇಥಿಯಾ ಕಂಪನಿ ಐದು ಲಕ್ಷ ಚೀಲಗಳನ್ನು ಇಟಲಿಯ ಜಿನೋವಾಕ್ಕೆ ಕಳಿಸಲು ರೆಗಾಝೋನಿ ಎಂಬ ವ್ಯಾಪಾರಿಗೆ ಮಾತು ಕೊಟ್ಟಿತು. ಅಲ್ಲಿಂದ ಅವು ದಕ್ಷಿಣ ಆಫ್ರಿಕಾಕ್ಕೆ ಹೋಗಬೇಕೆಂಬುದು ಇಬ್ಬರಿಗೂ ಗೊತ್ತಿತ್ತು. ಚೀಲ ಬರಲಿಲ್ಲ, ಖರೀದಿದಾರ ಲಂಡನ್ನಿನಲ್ಲಿ ದಾವೆ ಹೂಡಿದ. ಕರಾರಿಗೆ ಅನ್ವಯವಾಗುತ್ತಿದ್ದುದು ಇಂಗ್ಲೆಂಡಿನ ಕಾನೂನು. ಅದರಲ್ಲಿ ಅಂಥ ನಿಷೇಧವೇ ಇರಲಿಲ್ಲ. ಆದರೂ ಸ್ನೇಹದೇಶವೊಂದರ ಕಾನೂನನ್ನು ಅದರ ನೆಲದಲ್ಲೇ ಮುರಿಯಲು ಮಾಡಿಕೊಂಡ ಒಪ್ಪಂದಕ್ಕೆ ತಾನು ನೆರವಾಗುವುದಿಲ್ಲ ಎಂದು ಹೌಸ್ ಆಫ್ ಲಾರ್ಡ್ಸ್ 1957ರಲ್ಲಿ ತೀರ್ಪಿತ್ತಿತು. ಮಾತು ಮುರಿದವರೇ ಗೆದ್ದರು ಎಂಬುದು ಬೇರೆ ವಿಷಯ.

ನಮ್ಮ ಪೀಳಿಗೆ ಕಲಿತದ್ದು 1992ರ ಎನ್‌ಟಿಪಿಸಿ–ಸಿಂಗರ್ ತೀರ್ಪಿನಿಂದ. ವಿದ್ಯುತ್ ಸ್ಥಾವರದ ಕರಾರಿಗೆ ಭಾರತದ ಕಾನೂನು ಎಂದು ಬರೆದಿತ್ತು. ಮಧ್ಯಸ್ಥಿಕೆ ಲಂಡನ್ನಿನಲ್ಲಿ ನಡೆಯಿತು. ಅಲ್ಲಿ ಬಂದ ಐತೀರ್ಪು ವಿದೇಶಿಯೇ, ಅದನ್ನು ನಮ್ಮ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದೇ ಎಂಬುದೇ ನಿಜವಾದ ಜಗಳ. ಮೂಲ ಕರಾರಿಗೆ ಆರಿಸಿದ ಕಾನೂನೇ ಮಧ್ಯಸ್ಥಿಕೆಯ ಒಪ್ಪಂದಕ್ಕೂ ಅನ್ವಯ, ಹಾಗಾಗಿ ಪ್ರಶ್ನಿಸಬಹುದು ಎಂದಿತು ಸುಪ್ರೀಂ ಕೋರ್ಟ್. ಲಾರ್ಡ್ ರೈಟ್ ಅವರ ಷರತ್ತುಗಳನ್ನೂ ನ್ಯಾಯಮೂರ್ತಿ ಥಾಮ್ಮನ್ ಒಪ್ಪಿದರು. ಆಯ್ಕೆಯ ಸ್ವಾತಂತ್ರ್ಯದ ಸಾಲನ್ನು ಎಲ್ಲರೂ ಉದ್ಧರಿಸುತ್ತಾರೆ, ಷರತ್ತಿನ ಸಾಲನ್ನು ಬಿಟ್ಟುಬಿಡುತ್ತಾರೆ.

ಷರತ್ತು ಕೆಲಸ ಮಾಡಿದ್ದನ್ನು ಕಾಣಬೇಕಾದರೆ 1988ರಲ್ಲಿ ವರದಿಯಾದ ಬಾಂಬೆ ಹೈಕೋರ್ಟಿನ ತಾಪ್ರೊಗ್ಗೆ ತೀರ್ಪನ್ನು ಓದಬೇಕು. ಇಂದಿನ ಪಠ್ಯಗಳಲ್ಲಿ ಅದಕ್ಕೆ ಅಡಿಟಿಪ್ಪಣಿಯ ಜಾಗ ಸಿಕ್ಕರೆ ಪುಣ್ಯ. ಜರ್ಮನ್ ಕಂಪನಿಯೊಂದಿಗಿನ ಕರಾರು ಮುಗಿದ ಮೇಲೂ ಭಾರತೀಯ ಕಂಪನಿ ಪೈಪೋಟಿಗೆ ಇಳಿಯಬಾರದೆಂಬ ನಿರ್ಬಂಧ ಅದರಲ್ಲಿತ್ತು. ಆರಿಸಿದ್ದು ಜರ್ಮನ್ ಕಾನೂನು. ಆದರೆ ನಮ್ಮ ಕರಾರು ಅಧಿನಿಯಮದ 27ನೇ ಕಲಂ ಪ್ರಕಾರ ವ್ಯಾಪಾರ, ವೃತ್ತಿಗಳಿಗೆ ಅಡ್ಡಿಮಾಡುವ ಒಪ್ಪಂದ ಅಸಿಂಧು. ಜರ್ಮನಿಯಲ್ಲಿ ಸಿಂಧುವಾದರೂ ಇಲ್ಲಿ ಜಾರಿಮಾಡಲಾಗದು ಎಂದ ಹೈಕೋರ್ಟ್ ತಡೆಯಾಜ್ಞೆ ನಿರಾಕರಿಸಿತು.

ಆಮೇಲೆ ಬಂದದ್ದು ಮಧ್ಯಸ್ಥಿಕೆಯ ಯುಗ. 1996ರ ಅಧಿನಿಯಮದ 28ನೇ ಕಲಂ ಪ್ರಕಾರ ಭಾರತದಲ್ಲಿ ನಡೆಯುವ ದೇಶೀಯ ಮಧ್ಯಸ್ಥಿಕೆಗೆ ಭಾರತದ ಕಾನೂನೇ. ಅಂತಾರಾಷ್ಟ್ರೀಯ ವಾಣಿಜ್ಯ ವ್ಯಾಜ್ಯವಾದರೆ ಪಕ್ಷಕಾರರು ಆರಿಸಿದ ಕಾನೂನು. 2021ರ ಪಿಎಎಸ್‌ಎಲ್ ತೀರ್ಪಿನಲ್ಲಿ ಎರಡು ಭಾರತೀಯ ಕಂಪನಿಗಳು ಜ್ಯೂರಿಕ್‌ನಲ್ಲಿ ಮಧ್ಯಸ್ಥಿಕೆ ಇಟ್ಟುಕೊಂಡದ್ದನ್ನು ಸುಪ್ರೀಂ ಕೋರ್ಟ್ ಒಪ್ಪಿತು. ಅಲ್ಲಿ ಕರಾರಿನ ಕಾನೂನು ಭಾರತದ್ದೇ ಆಗಿದ್ದರಿಂದ, ಜಾಗದ ಜೊತೆ ಕಾನೂನನ್ನೂ ಹೊರಗಿನಿಂದ ತಂದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ನೇರ ಉತ್ತರ ಸಿಗಲಿಲ್ಲ.

ಈ ಚರ್ಚೆಗಳಲ್ಲೆಲ್ಲ ಎರಡೂ ಕಡೆ ವ್ಯಾಪಾರಸ್ಥರೇ. ಯುರೋಪಿನ ರೋಮ್ ಒಂದನೇ ನಿಯಮಾವಳಿ ನೌಕರರನ್ನೂ ಗ್ರಾಹಕರನ್ನೂ ಬೇರೆಯಾಗಿ ಕಾಪಾಡುತ್ತದೆ: ಯಾವ ಕಾನೂನನ್ನು ಆರಿಸಿದರೂ ನೌಕರ ವಾಡಿಕೆಯಾಗಿ ದುಡಿಯುವ ದೇಶದ ಕಡ್ಡಾಯ ರಕ್ಷಣೆ ತಪ್ಪುವುದಿಲ್ಲ. ನಮ್ಮಲ್ಲಿ ಅಂಥ ಶಾಸನವಿಲ್ಲ. ಡೆಲವೇರ್ ಕಾನೂನಿನಡಿ ಸಹಿ ಹಾಕಿ ಬೆಂಗಳೂರಿನಲ್ಲಿ ದುಡಿಯುವ ಇಂಜಿನಿಯರ್ ಕೆಲಸ ಬಿಟ್ಟು ಪ್ರತಿಸ್ಪರ್ಧಿ ಕಂಪನಿ ಸೇರಿದರೆ, ಅವರ ವಕೀಲರು ಹುಡುಕಬೇಕಾದದ್ದು ಆ ಹಳೆಯ ಬಾಂಬೆ ತೀರ್ಪನ್ನೇ. ಡೆಲವೇರ್ ಕಾನೂನು ಬೇರೆ ಹೇಳುತ್ತದೆಂದು ವಾದಿಸುವ ಕಂಪನಿ ಅದನ್ನು ಸಂಗತಿಯಾಗಿ, ತಜ್ಞರ ಸಾಕ್ಷ್ಯದಿಂದ ಸಾಬೀತುಮಾಡಬೇಕು. ನಮ್ಮ ನ್ಯಾಯಾಲಯ ವಿದೇಶಿ ಕಾನೂನನ್ನು ತಾನಾಗಿ ಬಲ್ಲೆನೆಂದು ಹೊರಡುವುದಿಲ್ಲ.